ಕೊನೆಯ ಓವರಿಗೆ ಎಪ್ಪತ್ತೈದು ಸೆಕೆಂಡು

ಇಪ್ಪತ್ತು ಓವರಿನ ಪಂದ್ಯ ಎಂದರೆ ಎರಡೂ ಕಡೆ ಸೇರಿ 240 ಎಸೆತ. ವೈಡು, ನೋ ಬಾಲು ಬೇರೆ. ಎರಡು ಮೊಬೈಲುಗಳಲ್ಲಿ ಸೇರಿ ಮೂರು ಗಂಟೆಗೂ ಹೆಚ್ಚಿನ ಚಿತ್ರೀಕರಣ. ಅದರಿಂದ ಆರು ನಿಮಿಷದ ಹೈಲೈಟ್ಸ್ ಮಾಡಿಕೊಡಬೇಕು ಎಂದು ನಮ್ಮೂರ ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರು ಹೇಳಿದ್ದರು. ಮಲೆನಾಡಿನ ಊರು, ಕೆಮ್ಮಣ್ಣಿನ ಮೈದಾನ, ನಡುವೆ ಮ್ಯಾಟ್ ಹಾಸಿದ ಪಿಚ್. ಅಂತರ ಶಾಲಾ ಫೈನಲ್. ನಮ್ಮ ಹುಡುಗರು ಮೊದಲು ಆಡಿ 111 ಹೊಡೆದರು, ಎದುರಾಳಿಗಳು ಕೊನೆಯ ಎಸೆತದಲ್ಲಿ 109ಕ್ಕೆ ಆಲೌಟಾದರು.

ಇಂಥ ಕೆಲಸಕ್ಕೆ ಕೈ ಹಾಕಿದವರು ಮೊದಲು ಮಾಡುವುದು ಒಂದೇ: ಎಲ್ಲ ಫೋರು, ಎಲ್ಲ ಸಿಕ್ಸು, ಎಲ್ಲ ವಿಕೆಟ್ಟು ಕತ್ತರಿಸಿ ಸಾಲಾಗಿ ಜೋಡಿಸುವುದು. ಒಂದು ಬೌಂಡರಿಯನ್ನು ಪೂರ್ತಿಯಾಗಿ ತೋರಿಸಲು ಬೌಲರನ ಕೊನೆಯ ನಾಲ್ಕು ಹೆಜ್ಜೆ, ಹೊಡೆತ, ಚೆಂಡು ಗೆರೆ ದಾಟುವುದು ಎಲ್ಲ ಸೇರಿ ಐದಾರು ಸೆಕೆಂಡು ಬೇಕೇ ಬೇಕು. 2016ರ ಜನವರಿಯಲ್ಲಿ ಮುಂಬೈ ಹತ್ತಿರದ ಕಲ್ಯಾಣದಲ್ಲಿ ಪ್ರಣವ್ ಧನಾವಡೆ ಎಂಬ ಶಾಲಾ ಹುಡುಗ ಒಂದೇ ಇನಿಂಗ್ಸಿನಲ್ಲಿ ಔಟಾಗದೆ 1009 ರನ್ ಹೊಡೆದದ್ದು ನೆನಪಿರಬಹುದು. ಅದರಲ್ಲಿ 129 ಫೋರು, 59 ಸಿಕ್ಸು. ತಲಾ ಐದೇ ಸೆಕೆಂಡು ಕೊಟ್ಟರೂ ಬೌಂಡರಿಗಳೇ ಹದಿನೈದು ನಿಮಿಷ ದಾಟುತ್ತವೆ, ಮತ್ತು ಮೂರನೆಯ ನಿಮಿಷಕ್ಕೆ ಆ ಹುಡುಗನ ಅಮ್ಮನೂ ಮೊಬೈಲು ಕೆಳಗಿಡುತ್ತಾಳೆ. ಹೊಡೆತಗಳು ಚೆನ್ನಾಗಿರಲಿಲ್ಲ ಅಂತಲ್ಲ. ಮುಂದಿನ ಎಸೆತ ಏನಾಗುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿರುತ್ತದೆ, ಅಷ್ಟೆ.

ನಾನು ಹಾಗಾಗಿ ಮೊದಲು ಮೊಬೈಲು ಬಿಟ್ಟು ಸ್ಕೋರ್ ಪುಸ್ತಕ ತೆರೆಯುತ್ತೇನೆ. ರನ್ನುಗಳು ಎಲ್ಲಿ ನಿಂತವು, ಎಲ್ಲಿ ಹರಿದವು ಎಂದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಈ ಪಂದ್ಯದಲ್ಲಿ ಎದುರಾಳಿಗಳು ಹನ್ನೆರಡನೆಯ ಓವರಿನ ತನಕ ಸಲೀಸಾಗಿ ಗೆಲ್ಲುವ ಹಾದಿಯಲ್ಲಿದ್ದರು. ಹದಿಮೂರು, ಹದಿನಾಲ್ಕನೇ ಓವರುಗಳಲ್ಲಿ ನಮ್ಮ ಎಡಗೈ ಸ್ಪಿನ್ನರ್ ಮತ್ತು ಆಫ್ ಸ್ಪಿನ್ನರ್ ಸೇರಿ ರನ್ನೇ ಇಲ್ಲದ ಎಸೆತಗಳ ಚುಕ್ಕೆಯ ಮೇಲೆ ಚುಕ್ಕೆ ಇಟ್ಟರು. ವಿಕೆಟ್ ಒಂದೂ ಬೀಳಲಿಲ್ಲ. ಆದರೆ ಪಂದ್ಯ ತಿರುಗಿದ್ದು ಅಲ್ಲೇ. ಬೌಂಡರಿ ಮತ್ತು ವಿಕೆಟ್ಟುಗಳ ಸಾಲಿನಲ್ಲಿ ಈ ಎರಡು ಓವರುಗಳಿಗೆ ಜಾಗವೇ ಸಿಗುವುದಿಲ್ಲ. ಅವು ಇಲ್ಲದಿದ್ದರೆ ಕೊನೆಯ ಓವರಿಗೆ ಒಂಬತ್ತು ರನ್ ಯಾಕೆ ಉಳಿಯಿತು ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ.

ಆರು ನಿಮಿಷವನ್ನು ಹೀಗೆ ಹಂಚಿದೆ. ಹೆಸರು, ಸ್ಕೋರು, ಮುಕ್ತಾಯಕ್ಕೆ ಹದಿನೈದು ಸೆಕೆಂಡು. ಕೊನೆಯ ಓವರ್ ಒಂದಕ್ಕೇ ಎಪ್ಪತ್ತೈದು. ಉಳಿದ 39 ಓವರಿಗೆ ನಾಲ್ಕೂವರೆ ನಿಮಿಷ. ಕೇಳುವಾಗ ಅನ್ಯಾಯ ಅನ್ನಿಸುತ್ತದೆ, ಆದರೆ ಅಲ್ಲಿ ನಿಂತು ನೋಡಿದವರ ತಲೆಯಲ್ಲಿ ಪಂದ್ಯ ಉಳಿದಿರುವುದೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ.

ಮೊದಲ ಇನಿಂಗ್ಸಿನ ಹೊಡೆತಗಳನ್ನು ಮೂರು, ಮೂರೂವರೆ ಸೆಕೆಂಡಿಗೆ ಕತ್ತರಿಸಿದೆ. ಚೆಂಡು ಬೌಲರನ ಕೈ ಬಿಡುವ ಸ್ವಲ್ಪ ಮೊದಲು ಶುರು, ಫೀಲ್ಡರ್ ಕೈ ಚೆಲ್ಲಿದ ಕೂಡಲೇ ಮುಗಿತಾಯ. ಚೆಂಡು ಗೆರೆ ದಾಟಿತೇ ಎಂದು ಪ್ರತಿ ಸಲ ತೋರಿಸಬೇಕಾಗಿಲ್ಲ, ಫೀಲ್ಡರನ ನಡಿಗೆ ಅದನ್ನು ಹೇಳುತ್ತದೆ. ಚುಕ್ಕೆಗಳ ಎರಡು ಓವರುಗಳಿಗೆ ಮಾತ್ರ ಕಟ್ ಇನ್ನೂ ಚಿಕ್ಕದು: ಬ್ಯಾಟು ತಡೆಯುತ್ತದೆ, ಕಟ್, ಪ್ಯಾಡಿಗೆ ಬಡಿಯುತ್ತದೆ, ಕಟ್, ಕೀಪರ್ ಹಿಡಿಯುತ್ತಾನೆ, ಕಟ್. ಒಂದೂಕಾಲು ಸೆಕೆಂಡಿಗೊಂದರಂತೆ ಎಂಟು ಎಸೆತ, ಒಟ್ಟು ಹತ್ತು ಸೆಕೆಂಡು. ಆಮೇಲೆ ಪಕ್ಕದಲ್ಲಿ ಪ್ಯಾಡು ಕಟ್ಟಿಕೊಂಡು ಕೂತಿದ್ದ ಎದುರಾಳಿ ಹುಡುಗನ ಮುಖ, ಮೂರು ಸೆಕೆಂಡು, ಅಲುಗದೆ. ವೇಗ ಎನ್ನುವುದು ಕಟ್ ಎಷ್ಟು ಚಿಕ್ಕದು ಎಂಬುದರಿಂದ ಬರುವುದಿಲ್ಲ, ಚಿಕ್ಕದರ ಪಕ್ಕದಲ್ಲಿ ಉದ್ದದ್ದು ಇರುವುದರಿಂದ ಬರುತ್ತದೆ. ಎಲ್ಲವೂ ಮೂರು ಸೆಕೆಂಡಿನವೇ ಆದರೆ ಐದನೆಯ ಕಟ್ಟಿಗೆಲ್ಲ ಕಣ್ಣಿಗೆ ಅದು ನಿಧಾನವೇ.

ಒಂದು ತೊಡಕು ಮಾತ್ರ ಮೈದಾನದಲ್ಲೇ ಹುಟ್ಟಿದ್ದು. ಮುಖ್ಯ ಮೊಬೈಲು ಒಂದೇ ತುದಿಯಲ್ಲಿ, ಸೈಟ್‌ಸ್ಕ್ರೀನ್ ಇರಬೇಕಾದ ಕಡೆ, ಟ್ರೈಪಾಡ್ ಮೇಲೆ ನಿಂತಿತ್ತು. ಓವರು ಮುಗಿದಾಗಲೆಲ್ಲ ತುದಿ ಬದಲಾಗುತ್ತದಲ್ಲ, ಹಾಗಾಗಿ ಒಂದು ಓವರು ಬೌಲರನ ಬೆನ್ನ ಹಿಂದಿನಿಂದ, ಮುಂದಿನದು ಕೀಪರನ ಬೆನ್ನ ಹಿಂದಿನಿಂದ. ಟೀವಿಯಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. 1977ರಲ್ಲಿ ಆಸ್ಟ್ರೇಲಿಯಾದಲ್ಲಿ ಕೆರಿ ಪ್ಯಾಕರ್ ಎಂಬ ಟೀವಿ ವಾಹಿನಿಯ ಒಡೆಯ ತನ್ನ ವರ್ಲ್ಡ್ ಸೀರೀಸ್ ಕ್ರಿಕೆಟ್ ಶುರು ಮಾಡಿದಾಗ ಎರಡೂ ತುದಿಗೆ ಕ್ಯಾಮೆರಾ ಇಡಿಸಿದ, ಅಲ್ಲಿಂದ ಮುಂದೆ ಪ್ರತಿ ಎಸೆತವೂ ಬೌಲರನ ಹಿಂದಿನಿಂದಲೇ ಕಾಣುವುದು ವಾಡಿಕೆಯಾಯಿತು. ನಮಗೆ ಎರಡನೆಯ ಟ್ರೈಪಾಡ್ ಇರಲಿಲ್ಲ. ಎರಡು ಕಡೆಯ ಎಸೆತಗಳನ್ನು ಒಂದರ ಬೆನ್ನಿಗೊಂದು ಜೋಡಿಸಿದರೆ ಬಲಕ್ಕೆ ಹೋದ ಚೆಂಡು ತಕ್ಷಣ ಎಡಕ್ಕೆ ಹೋದ ಹಾಗೆ ಕಂಡು, ಮೈದಾನವೇ ಗಿರಕಿ ಹೊಡೆದಂತಾಗುತ್ತದೆ. ಅದಕ್ಕೆ ತುದಿ ಬದಲಾಗುವಲ್ಲೆಲ್ಲ ನಡುವೆ ಒಂದು ತಟಸ್ಥ ಚಿತ್ರ ಹಾಕಿದೆ: ಸ್ಕೋರ್ ಬೋರ್ಡಿನ ಅಂಕಿ ತಗುಲಿಸುತ್ತಿರುವ ಹುಡುಗ, ಅಂಪೈರ್ ಟೋಪಿ, ಬೇಲಿಯ ಮೇಲೆ ಕೂತವರು. ಒಂದು ಸೆಕೆಂಡು ಸಾಕು. ಆ ಒಂದು ಸೆಕೆಂಡಿಗಾಗಿ ಪಂದ್ಯದ ದಿನವೇ ಹತ್ತಿಪ್ಪತ್ತು ಇಂಥ ತುಣುಕು ತೆಗೆದಿಟ್ಟುಕೊಂಡಿರಬೇಕು.

ಇನ್ನು ರೀಪ್ಲೇ. ನನ್ನ ಪ್ರಕಾರ ಶಾಲೆಯ ವೀಡಿಯೊಗಳನ್ನು ಹೆಚ್ಚು ಹಾಳು ಮಾಡುವುದು ಇದೇ. ಪ್ರತಿ ಬೌಂಡರಿಯ ನಂತರ ಅದೇ ಬೌಂಡರಿ ನಿಧಾನವಾಗಿ. ನೋಡಿದವರಿಗೆ ಹೊಸದೇನೂ ಸಿಗುವುದಿಲ್ಲ, ಸಮಯ ಮಾತ್ರ ಹೋಗುತ್ತದೆ. ರೀಪ್ಲೇ ಹಾಕುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಮೊದಲ ಸಲ ನೋಡಿದವರ ಮನಸ್ಸಿನಲ್ಲಿ ಏನಾದರೂ ಪ್ರಶ್ನೆ ಉಳಿದಿದೆಯೇ? ಔಟೋ ಅಲ್ಲವೋ, ಹೇಗೆ ಹಿಡಿದ, ಚೆಂಡು ಯಾವ ಕಡೆ ತಿರುಗಿತು. ಪ್ರಶ್ನೆ ಇದ್ದು, ನನ್ನ ಹತ್ತಿರ ಇರುವ ಚಿತ್ರದಲ್ಲಿ ಉತ್ತರವೂ ಇದ್ದರೆ ರೀಪ್ಲೇ. ಎರಡರಲ್ಲಿ ಒಂದಿಲ್ಲದಿದ್ದರೂ ಬೇಡ.

ಉತ್ತರ ಚಿತ್ರದಲ್ಲಿ ಇದೆಯೇ ಎಂಬುದು ಲೆಕ್ಕದ ಮಾತು. ಹೈಸ್ಕೂಲಿನ ವೇಗದ ಬೌಲರ್ ಗಂಟೆಗೆ 90 ಕಿಲೋಮೀಟರ್ ಹಾಕುತ್ತಾನೆ ಎನ್ನೋಣ. ಅಂದರೆ ಸೆಕೆಂಡಿಗೆ 25 ಮೀಟರ್. ಮೊಬೈಲು ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತಿದ್ದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಚೆಂಡು 80 ಸೆಂಟಿಮೀಟರಿಗೂ ಹೆಚ್ಚು ಹಾರಿರುತ್ತದೆ. ಬ್ಯಾಟಿಗೆ ತಾಗಿದ ಕ್ಷಣ ಎರಡು ಫ್ರೇಮುಗಳ ನಡುವೆ ಎಲ್ಲೋ ಕಳೆದುಹೋಗಿರುತ್ತದೆ. ಅದನ್ನು ನೀವು ಕಾಲು ವೇಗಕ್ಕೆ ಇಳಿಸಿದರೂ ಕಳೆದದ್ದು ಸಿಗುವುದಿಲ್ಲ, ಇದ್ದ ಫ್ರೇಮುಗಳೇ ನಾಲ್ಕು ನಾಲ್ಕು ಸಲ ನಿಂತು ನಿಂತು ಕಾಣುತ್ತವೆ. 120 ಫ್ರೇಮಿನಲ್ಲಿ ತೆಗೆದರೆ ಈ ಜಿಗಿತ ಸುಮಾರು 20 ಸೆಂಟಿಮೀಟರಿಗೆ ಇಳಿಯುತ್ತದೆ, 240ರಲ್ಲಿ 10ಕ್ಕೆ. ತುಣುಕು ಜೋಡಿಸುವ ಟೈಮ್‌ಲೈನು ಸೆಕೆಂಡಿಗೆ 30 ಫ್ರೇಮಿನದಾದರೆ ಅದರಲ್ಲಿ 120ರ ಕ್ಲಿಪ್ಪನ್ನು ಶೇಕಡಾ 25ರ ವೇಗಕ್ಕೆ, 60ರದ್ದನ್ನು 50ಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಹೋದರೆ ಸುಳ್ಳು ಶುರು.

ಸುಳ್ಳು ಎಂದೆ, ಯಾಕೆಂದರೆ ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶಗಳಲ್ಲಿ ಆಪ್ಟಿಕಲ್ ಫ್ಲೋ ಎಂಬ ಆಯ್ಕೆ ಇದೆ. ಎರಡು ಫ್ರೇಮುಗಳ ನಡುವೆ ಏನಿದ್ದಿರಬಹುದು ಎಂದು ಊಹಿಸಿ ಹೊಸ ಫ್ರೇಮು ಸೃಷ್ಟಿಸುತ್ತದೆ. ಮೋಡ ತೇಲುವುದಕ್ಕೆ, ಮೆಲ್ಲಗೆ ನಡೆಯುವವರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬೀಸುತ್ತಿರುವ ಬ್ಯಾಟಿಗೆ ಹಾಕಿ ನೋಡಿ: ಬ್ಯಾಟು ರಬ್ಬರಿನಂತೆ ಬಾಗುತ್ತದೆ, ಅದರ ಅಂಚಿನ ಹಿಂದಿನ ಬೇಲಿಯೂ ಅದರ ಜೊತೆ ಅಲ್ಲಾಡುತ್ತದೆ, ಚೆಂಡು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಹುಟ್ಟುತ್ತದೆ. ಬ್ಯಾಟಿನ ಅಂಚನ್ನೇ ದಿಟ್ಟಿಸಿ ಒಂದೊಂದೇ ಫ್ರೇಮು ಮುಂದೆ ಒತ್ತಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ನಮ್ಮ ಮೈದಾನಕ್ಕೆ ಇನ್ನೊಂದು ಗೋಳಿದೆ. ಕೆಂಪು ಚೆಂಡು, ಕೆಂಪು ಮಣ್ಣು. ಮ್ಯಾಟ್ ಮೇಲೆ ಇರುವಷ್ಟು ಹೊತ್ತು ಚೆಂಡು ಕಾಣುತ್ತದೆ, ಹೊರಗೆ ನೆಲಕ್ಕೆ ಬಿದ್ದ ಮರುಗಳಿಗೆ ಇಲ್ಲ. ವಾಟ್ಸಾಪಿನಲ್ಲಿ ಕಳಿಸಿದಾಗ ಅದು ವೀಡಿಯೊವನ್ನು ಇನ್ನಷ್ಟು ಕುಗ್ಗಿಸುವುದರಿಂದ ಉಳಿದ ಚೂರುಪಾರೂ ಮಣ್ಣುಪಾಲು. ನೆಲದ ಮೇಲೆ ಉರುಳಿದ ಚೆಂಡನ್ನು ನಿಧಾನಗೊಳಿಸಿದರೆ ನೋಡುವವರು ಚೆಂಡು ಹುಡುಕುತ್ತಾ ಕೂರುತ್ತಾರೆ. ಆದ್ದರಿಂದ ಇಲ್ಲಿ ನಿಧಾನಗತಿ ಏನಿದ್ದರೂ ಮೈ ಚಲನೆಗೆ: ಬೌಲರನ ಮಣಿಕಟ್ಟು, ಕೀಪರನ ಕೈ, ಫೀಲ್ಡರ್ ಬಗ್ಗಿ ಎತ್ತುವುದು.

ಕೊನೆಯ ಓವರಿಗೆ ಬರುತ್ತೇನೆ. ಎದುರಾಳಿಗಳು 103ಕ್ಕೆ ಎಂಟು. ಆರು ಎಸೆತ, ಒಂಬತ್ತು ರನ್. ಮೈದಾನದಲ್ಲಿ ಈ ಓವರು ಸುಮಾರು ಐದು ನಿಮಿಷ ಹಿಡಿದಿತ್ತು. ಒಂದೊಂದು ಎಸೆತಕ್ಕೂ ಫೀಲ್ಡ್ ಬದಲು, ಒಂದೊಂದಕ್ಕೂ ಮಾತುಕತೆ.

ಮೊದಲ ಎಸೆತಕ್ಕೆ ಹದಿನಾಲ್ಕು ಸೆಕೆಂಡು ಕೊಟ್ಟೆ, ಅದು ಬರೀ ಬೀಟ್ ಆದ ಚುಕ್ಕೆಯಾದರೂ. ಬೌಲರ್ ತನ್ನ ಗುರುತಿನ ಕಡೆ ನಡೆಯುವುದು, ತಿರುಗುವುದು, ಪೂರ್ತಿ ರನ್ನಪ್. ಅಲ್ಲಿಯತನಕ ಮೂರು ಸೆಕೆಂಡಿನ ಕಟ್ಟುಗಳಿಗೆ ಒಗ್ಗಿದ ಕಣ್ಣಿಗೆ ಈ ಹದಿನಾಲ್ಕು ಸೆಕೆಂಡು ಬಹಳ ದೀರ್ಘ, ಅದೇ ಬೇಕಾಗಿದ್ದು. ಎರಡನೆಯದು ಒಂದು ರನ್, ನಾಲ್ಕು ಸೆಕೆಂಡಿಗೆ ಮುಗಿಸಿದೆ. ಮೂರನೆಯದು ಮಿಡ್ ವಿಕೆಟ್ ಮೇಲಿಂದ ಫೋರ್, ಒಂಬತ್ತು ಸೆಕೆಂಡು, ಅರ್ಧ ಹೊಡೆತಕ್ಕೆ, ಅರ್ಧ ಎದುರು ಶಾಲೆಯ ಹುಡುಗರು ಬ್ಯಾಗು ಎಸೆದು ಕುಣಿದದ್ದಕ್ಕೆ. ಈಗ ಮೂರು ಎಸೆತ, ನಾಲ್ಕು ರನ್. ಅವರದ್ದೇ ಪಂದ್ಯ ಅನ್ನಿಸಬೇಕು, ಆಗ ಅನ್ನಿಸಿತ್ತು ಕೂಡ.

ನಾಲ್ಕನೆಯ ಎಸೆತ ರನ್ಔಟ್. ಚೆಂಡು ಡೀಪ್ ಮಿಡ್ ವಿಕೆಟ್ಟಿಗೆ ಹೋಯಿತು, ಒಂದು ರನ್ ಆಯಿತು, ಎರಡನೆಯದಕ್ಕೆ ಓಡಿದರು, ಥ್ರೋ ನೇರ ಕೀಪರನ ಕೈಗೆ, ಬೇಲ್ಸ್ ಹಾರಿತು. ಸ್ಕ್ವೇರ್ ಲೆಗ್ ಅಂಪೈರ್ ಬೆರಳೆತ್ತಿದರು. ರೀಪ್ಲೇಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಇನ್ನೊಂದಿಲ್ಲ: ಬ್ಯಾಟು ಕ್ರೀಸಿಗೆ ಮುಟ್ಟಿತ್ತೇ?

ಪಕ್ಕದಿಂದ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ 120 ಫ್ರೇಮಿನಲ್ಲಿ ತೆಗೆದ ಕ್ಲಿಪ್ ನನ್ನ ಹತ್ತಿರ ಇತ್ತು. ಫ್ರೇಮುಗಳ ಲೆಕ್ಕದಲ್ಲಿ ಅದು ಸಾಕು. ಬ್ಯಾಟ್ಸ್‌ಮನ್ ಸೆಕೆಂಡಿಗೆ ಆರು ಮೀಟರ್ ಓಡುತ್ತಿದ್ದರೆ ಫ್ರೇಮಿಗೆ ಐದು ಸೆಂಟಿಮೀಟರ್ ಸರಿಯುತ್ತಾನೆ. ಬೇಲ್ಸ್ ಎದ್ದ ಫ್ರೇಮೂ ಸ್ಪಷ್ಟ. ತೊಂದರೆ ಇದ್ದದ್ದು ನಿಂತ ಜಾಗದಲ್ಲಿ. ಬಿಸಿಲಿತ್ತಲ್ಲ, ಹುಡುಗ ಹೊಂಗೆ ಮರದ ನೆರಳಿಗೆ ಸರಿದಿದ್ದ. ಪಿಚ್ಚಿನಿಂದ 50 ಮೀಟರ್ ದೂರ, ಕ್ರೀಸಿನ ನೇರದಿಂದ ಒಂದಾರು ಮೀಟರ್ ಆಚೆ. ಸ್ಟಂಪು ಒಂದು ದೂರದಲ್ಲಿದೆ, ಬ್ಯಾಟು ಅದಕ್ಕಿಂತ ಒಂದೂವರೆ ಮೀಟರ್ ಈಚೆ. ಓರೆಯಿಂದ ನೋಡಿದಾಗ ಆ ಒಂದೂವರೆ ಮೀಟರಿನ ಅಂತರವೇ ಚಿತ್ರದಲ್ಲಿ ಸುಮಾರು 18 ಸೆಂಟಿಮೀಟರ್ ಹಿಂದುಮುಂದಾಗಿ ಕಾಣುತ್ತದೆ, ಹತ್ತಿರ ಹತ್ತಿರ ಒಂದು ಗೇಣು. ಮ್ಯಾಟಿನ ಮೇಲೆ ಸುಣ್ಣದಲ್ಲಿ ಎಳೆದ ಗೆರೆ ಸರಿಯಾಗಿ ಕಂಡಿದ್ದರೆ ಅದಕ್ಕೆ ಹೋಲಿಸಿ ಹೇಳಬಹುದಿತ್ತು. ಅದು ಮೂವತ್ತೊಂಬತ್ತು ಓವರುಗಳ ಕಾಲ್ತುಳಿತದಲ್ಲಿ ಅಳಿಸಿಹೋಗಿತ್ತು, ಜೊತೆಗೆ ಬ್ಯಾಟಿನ ತುದಿ ಇನ್ನೂ ನೆಲ ಮುಟ್ಟಿರಲಿಲ್ಲ. ಚಿತ್ರದಲ್ಲಿ ಬ್ಯಾಟು ಒಂದು ಗೇಣು ಹಿಂದಿದ್ದ ಹಾಗೆ ಕಾಣುತ್ತಿತ್ತು. ಅಂದರೆ ನಿಜಕ್ಕೂ ಒಳಗಿದ್ದಿರಬಹುದು, ಎರಡು ಗೇಣು ಹೊರಗಿದ್ದಿರಲೂಬಹುದು. ಗೆರೆಯ ನೇರಕ್ಕೆ ನಿಂತು ನೋಡಿದವರು ಅಂಪೈರ್ ಒಬ್ಬರೇ.

ಆ ರೀಪ್ಲೇಯನ್ನು ನಾನು ಹಾಕಲಿಲ್ಲ. ನಿಧಾನವಾಗಿ ತೋರಿಸಿದ್ದಕ್ಕೆಲ್ಲ ಜನ ಸಾಕ್ಷಿಯ ಬೆಲೆ ಕೊಡುತ್ತಾರೆ. ಟೀವಿಯಲ್ಲಿ ಥರ್ಡ್ ಅಂಪೈರ್ ನೋಡುವ ಕ್ಯಾಮೆರಾಗಳು ಗೆರೆಯ ನೇರದಲ್ಲೇ ಇರುತ್ತವೆ, ಆದ್ದರಿಂದ ಅಲ್ಲಿ ಆ ಬೆಲೆ ನ್ಯಾಯ. ಇಲ್ಲಿ ಮರದ ನೆರಳು ತೀರ್ಪು ಕೊಟ್ಟಂತಾಗುತ್ತಿತ್ತು, ಎರಡು ಶಾಲೆಗಳ ನಡುವೆ ಒಂದು ವರ್ಷಕ್ಕಾಗುವಷ್ಟು ಜಗಳವೂ ಸಿಗುತ್ತಿತ್ತು.

ಪ್ರಶ್ನೆಯನ್ನೇ ಬದಲಿಸಿದೆ. ಅಷ್ಟು ದೂರದಿಂದ ಥ್ರೋ ಅಷ್ಟು ಬೇಗ ಹೇಗೆ ಬಂತು? ಇದಕ್ಕೆ ಉತ್ತರ ಮುಖ್ಯ ಮೊಬೈಲಿನಲ್ಲಿತ್ತು, ಅದು 60 ಫ್ರೇಮಿನದ್ದು. ಫೀಲ್ಡರ್ ಓಡುತ್ತಲೇ ಒಂದೇ ಕೈಯಲ್ಲಿ ಎತ್ತಿ, ನಿಲ್ಲದೆ, ಎಡಗಾಲು ಊರಿದ ಕೂಡಲೇ ಎಸೆದಿದ್ದ. ಎತ್ತಿದ್ದರಿಂದ ಎಸೆದ ತನಕ ನಿಜವಾದ ಸಮಯ 1.2 ಸೆಕೆಂಡು, ಅರ್ಧ ವೇಗದಲ್ಲಿ 2.4. ಚೆಂಡು ಗಾಳಿಯಲ್ಲಿರುವ ಎರಡು ಸೆಕೆಂಡನ್ನು ಮಾಮೂಲಿ ವೇಗಕ್ಕೆ ಬಿಟ್ಟೆ, ಅಲ್ಲಿ ನೋಡಲು ಏನಿಲ್ಲ. ಆಮೇಲೆ ಪಕ್ಕದ ಮೊಬೈಲಿನಿಂದ ಕೀಪರನ ಕೈ ಮಾತ್ರ, ಚೌಕಟ್ಟಿನಲ್ಲಿ ಕ್ರೀಸು ಕಾಣದ ಹಾಗೆ ಹತ್ತಿರಕ್ಕೆಳೆದು, 0.7 ಸೆಕೆಂಡು ಕಾಲು ವೇಗಕ್ಕೆ. ಎಲ್ಲ ಸೇರಿ ಏಳು ಸೆಕೆಂಡು ಚಿಲ್ಲರೆ. ಹೊಸಬರು ಎಡವುವುದು ಇಲ್ಲೇ: ಎಸೆತ ಶುರುವಾದಲ್ಲಿಂದಲೇ ನಿಧಾನಗೊಳಿಸುತ್ತಾರೆ. ಎಂಟು ಸೆಕೆಂಡಿನ ಆಟ ಕಾಲು ವೇಗದಲ್ಲಿ ಅರ್ಧ ನಿಮಿಷವಾಗುತ್ತದೆ, ಮುಖ್ಯ ಕ್ಷಣ ಬರುವಷ್ಟರಲ್ಲಿ ಕಣ್ಣು ಸೋತಿರುತ್ತದೆ.

ರೀಪ್ಲೇ ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಶಾಲೆಯ ಲಾಂಛನ ಪರದೆಯ ಅಡ್ಡ ಸರಿದು ಹೋಗುವ ಹಾಗೆ ಮಾಡಿದೆ, ಹತ್ತು ಫ್ರೇಮು, ಅಷ್ಟೆ. ಮೂಲೆಯಲ್ಲಿ ‘ಮರುನೋಟ’ ಎಂಬ ಚಿಕ್ಕ ಅಕ್ಷರ. ಟೀವಿಯವರು ಇದನ್ನು ಶೋಕಿಗೆ ಮಾಡುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ, ಅದು ಹಾಗಲ್ಲ. 1963ರ ಡಿಸೆಂಬರ್ 7ರಂದು ಅಮೆರಿಕದ ಆರ್ಮಿ ಮತ್ತು ನೇವಿ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಮೊದಲ ಬಾರಿಗೆ ನೇರ ಪ್ರಸಾರದ ನಡುವೆಯೇ ರೀಪ್ಲೇ ತೋರಿಸಿದಾಗ ಅದು ಮಾಮೂಲಿ ವೇಗದಲ್ಲೇ ಓಡಿತ್ತು. ಆರ್ಮಿ ಇನ್ನೊಂದು ಸಲ ಅಂಕ ಗಳಿಸಿಲ್ಲ, ಇದು ಹಳೆಯದೇ ಎಂದು ವೀಕ್ಷಕ ವಿವರಣೆಗಾರ ಜನರಿಗೆ ತಿಳಿಹೇಳಬೇಕಾಯಿತು. ನಮ್ಮ ವೀಡಿಯೊದಲ್ಲಿ ವಿವರಣೆಗಾರರೇ ಇಲ್ಲ, ಮೂಲೆಯಲ್ಲಿ ಸ್ಕೋರೂ ಓಡುವುದಿಲ್ಲ. ಬೇರೆ ಕೋನದಿಂದ ಬಂದ ರೀಪ್ಲೇ ಇನ್ನೊಂದು ವಿಕೆಟ್ಟಿನ ಹಾಗೆಯೇ ಕಾಣುತ್ತದೆ.

ಐದನೆಯ ಎಸೆತ ಚುಕ್ಕೆ, ಒಂಬತ್ತು ಸೆಕೆಂಡು. ಕೊನೆಯದಕ್ಕೆ ಮೂರು ರನ್ ಬೇಕು, ಲಾಂಗ್ ಆನ್ ಕಡೆ ಎತ್ತಿ ಹೊಡೆದ, ಕ್ಯಾಚ್. ಹದಿನೆಂಟು ಸೆಕೆಂಡು, ಒಂದೂ ಕಟ್ ಇಲ್ಲದೆ. ಚೆಂಡು ಮೇಲೇರಿದಾಗ ಮೊಬೈಲು ಹಿಡಿದವನ ಕೈ ಅಲುಗಿ ಚೆಂಡು ಚೌಕಟ್ಟಿನಿಂದ ತಪ್ಪಿಸಿಕೊಂಡು ಮತ್ತೆ ಸಿಗುತ್ತದೆ. ಅದನ್ನೂ ಹಾಗೇ ಬಿಟ್ಟೆ. ಕೈಗೆ ಬಿದ್ದಾಗ ಯಾರಿಗೂ ಪ್ರಶ್ನೆ ಉಳಿದಿರಲಿಲ್ಲ, ಆದ್ದರಿಂದ ರೀಪ್ಲೇ ಇಲ್ಲ.

ರೀಪ್ಲೇ ಬೇಡವೆಂದು ಬಿಟ್ಟದ್ದು ಇನ್ನೂ ಒಂದಿದೆ. ಒಂಬತ್ತನೆಯ ಓವರಿನಲ್ಲಿ ನಮ್ಮ ಹುಡುಗನೊಬ್ಬ ಸುಲಭದ ಕ್ಯಾಚು ಕೈಚೆಲ್ಲಿದ. ಪಂದ್ಯದ ಕಥೆಗೆ ಅದು ಬೇಕು, ಹಾಗಾಗಿ ಒಮ್ಮೆ ತೋರಿಸಿದೆ, ಇದ್ದ ವೇಗದಲ್ಲಿ. ಅದನ್ನು ನಿಧಾನಗೊಳಿಸಿ ಕೆಳಗೆ ‘ಟೊಯ್ಂಯ್’ ಎಂಬ ಸದ್ದು ಹಾಕಿದ ವೀಡಿಯೊಗಳನ್ನು ನೋಡಿದ್ದೇನೆ. ಹದಿನಾಲ್ಕು ವರ್ಷದ ಹುಡುಗ ಅದೇ ತರಗತಿಗೆ ಮರುದಿನ ಹೋಗಬೇಕು.

ಸಂಗೀತದ ವಿಷಯದಲ್ಲಿ ಮೇಷ್ಟ್ರಿಗೂ ನನಗೂ ಹೊಂದಲಿಲ್ಲ. ಅವರಿಗೆ ಸಿನೆಮಾ ಹಾಡು ಬೇಕಿತ್ತು, ಹೀರೋ ಬರುವಾಗ ಹಾಕುತ್ತಾರಲ್ಲ ಅಂಥದ್ದು. “ಜೋಶ್ ಬರಬೇಕಪ್ಪಾ, ಮಕ್ಕಳಿಗೆ ರೋಮಾಂಚನ ಆಗಬೇಕು” ಎಂದರು. ಯೂಟ್ಯೂಬಿಗೆ ಹಾಕಿದರೆ ಅದರ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ಗುರುತಿಸಿ, ಹಕ್ಕುದಾರರು ಹೇಳಿದಂತೆ ಜಾಹೀರಾತು ಹಾಕಬಹುದು, ವೀಡಿಯೊವನ್ನೇ ತಡೆಯಲೂಬಹುದು ಎಂದೆ. ಅದು ನಿಜವೇ, ಆದರೆ ನನಗೆ ದೊಡ್ಡ ಕಾರಣ ಬೇರೆ ಇತ್ತು. ಹಾಡಿಗೆ ಅದರದ್ದೇ ಏರಿಳಿತ ಇರುತ್ತದೆ. ಪಲ್ಲವಿ ಜೋರಾಗುವ ಹೊತ್ತಿಗೆ ನಮ್ಮ ಪಂದ್ಯದಲ್ಲಿ ಚುಕ್ಕೆಗಳ ಓವರು ನಡೆಯುತ್ತಿರುತ್ತದೆ. ಕಟ್ಟುಗಳನ್ನು ಹಾಡಿಗೆ ತಕ್ಕಂತೆ ಸರಿಸುತ್ತಾ ಹೋದರೆ ಕೊನೆಗೆ ಪಂದ್ಯ ಹಾಡಿನ ಹಿನ್ನೆಲೆ ದೃಶ್ಯವಾಗುತ್ತದೆ. ಜೊತೆಗೆ ಮಾತಿರುವ ಹಾಡು ಮೈದಾನದ ಮಾತನ್ನು ನುಂಗುತ್ತದೆ. ‘ಬೇಡ ಬೇಡ, ವಾಪಸ್ ಹೋಗೋ’ ಎಂದು ರನ್ಔಟಿಗೆ ಮುಂಚೆ ಕೂಗಿದ್ದು ಕೇಳಿಸದಿದ್ದರೆ ಆ ರನ್ಔಟಿಗೆ ಅರ್ಧ ಬೆಲೆ.

ಶಾಲೆಯಲ್ಲಿ ಬ್ಯಾಂಡ್ ಸೆಟ್ ಇದೆ, ಆಗಸ್ಟ್ ಹದಿನೈದಕ್ಕೆ ಹೊರಬರುವಂಥದ್ದು. ಆ ಮಕ್ಕಳಿಂದ ಸೈಡ್ ಡ್ರಮ್ಮು, ದೊಡ್ಡ ಡ್ರಮ್ಮು ಬಾರಿಸಿಸಿ ತರಗತಿಯೊಂದರಲ್ಲಿ ರೆಕಾರ್ಡ್ ಮಾಡಿದೆ. ಪೆರೇಡಿನ ನಡಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಮಕ್ಕಳ ಕೈ ಅದಕ್ಕೇ ಪಳಗಿದೆ. ಇದರಿಂದ ನನಗೊಂದು ಅನುಕೂಲವಾಯಿತು. ನಿಮಿಷಕ್ಕೆ 120 ಪೆಟ್ಟು ಅಂದರೆ ಪೆಟ್ಟಿಗೆ ಅರ್ಧ ಸೆಕೆಂಡು, 30ರ ಟೈಮ್‌ಲೈನಿನಲ್ಲಿ ಸರಿಯಾಗಿ ಹದಿನೈದು ಫ್ರೇಮು. ನಾಲ್ಕು ಪೆಟ್ಟಿನ ಒಂದು ಸುತ್ತಿಗೆ ಅರುವತ್ತು. ಭಿನ್ನರಾಶಿಯ ಕಾಟವಿಲ್ಲ. ಮಕ್ಕಳು ಅಲ್ಲಲ್ಲಿ ಓಡುತ್ತಾರೆ, ಸುತ್ತಿನ ಮೊದಲ ಪೆಟ್ಟಿನಲ್ಲಿ ಕತ್ತರಿಸಿ ಸರಿಪಡಿಸಿಕೊಳ್ಳಬೇಕು.

ಪೆಟ್ಟಿಗೆ ಸರಿಯಾಗಿ ಕಟ್ ಹಾಕುವುದು ಎಲ್ಲರಿಗೂ ಗೊತ್ತು. ಎಲ್ಲ ಕಟ್ಟುಗಳೂ ಪೆಟ್ಟಿನ ಮೇಲೇ ಬಿದ್ದರೆ ಮುಂದಿನ ಕಟ್ ಯಾವಾಗ ಎಂದು ಕಣ್ಣಿಗೆ ತಿಳಿದುಹೋಗುತ್ತದೆ. ನಾನು ಪೆಟ್ಟಿಗೆ ಕೂರಿಸುವುದು ಕಟ್ಟನ್ನಲ್ಲ, ಬ್ಯಾಟಿಗೆ ಚೆಂಡು ತಾಗುವ ಫ್ರೇಮನ್ನು. ಕಟ್ ಅದಕ್ಕೆ ಮೊದಲು ಎಲ್ಲಾದರೂ ಬೀಳಲಿ. ಆಗ ಡ್ರಮ್ಮೇ ಚೆಂಡನ್ನು ಹೊಡೆದ ಹಾಗೆ ಕೇಳುತ್ತದೆ. ಇದನ್ನೂ ಎಲ್ಲ ಹೊಡೆತಕ್ಕೆ ಮಾಡಬಾರದು, ಮೂರು ನಾಲ್ಕಕ್ಕೆ ಸಾಕು. ಚುಕ್ಕೆಗಳ ಓವರಿಗೆ ಸೈಡ್ ಡ್ರಮ್ಮಿನ ಉರುಳಿಕೆ ಮಾತ್ರ. ಕೊನೆಯ ಓವರಿನ ಮೊದಲ ಎಸೆತಕ್ಕೆ, ಬೌಲರ್ ತಿರುಗಿ ನಿಂತ ಕಡೆ, ಸುತ್ತು ಮುಗಿಯುವ ಒಂದು ಪೆಟ್ಟಿಗೆ ಮೊದಲೇ ಡ್ರಮ್ ನಿಲ್ಲಿಸಿದೆ. ಬರಬೇಕಾದ ಪೆಟ್ಟು ಬರುವುದಿಲ್ಲ. ಅಲ್ಲಿಂದ ಎಪ್ಪತ್ತೈದು ಸೆಕೆಂಡೂ ಸಂಗೀತವಿಲ್ಲ, ಮೈದಾನದ ಸದ್ದು ಮಾತ್ರ.

ಸಂಗೀತ ತೆಗೆದ ಮೇಲೆ ಒಂದು ವಿಚಿತ್ರ ಹೊರಬಿತ್ತು. ಬ್ಯಾಟಿನ ಸದ್ದು ತಡವಾಗಿ ಬರುತ್ತಿತ್ತು. ಮೊಬೈಲು ಬ್ಯಾಟ್ಸ್‌ಮನ್‌ನಿಂದ 70 ಮೀಟರ್ ದೂರ, ಸದ್ದು ನಮ್ಮ ಬಿಸಿಲಿನಲ್ಲಿ ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ, ಅಲ್ಲಿಗೆ 0.2 ಸೆಕೆಂಡು, ಆರು ಫ್ರೇಮು. ಮೈದಾನದಲ್ಲಿ ನಿಂತು ನೋಡುವಾಗ ಇದು ಯಾರಿಗೂ ಕಿರಿಕಿರಿಯಾಗುವುದಿಲ್ಲ, ದೂರವಿದ್ದೇವೆ ಎಂದು ಕಣ್ಣಿಗೂ ಗೊತ್ತು. ಝೂಮ್ ಮಾಡಿ ತೆಗೆದಾಗ ಚಿತ್ರ ಹತ್ತಿರದ್ದು, ಸದ್ದು ದೂರದ್ದು. ಇಡೀ ಧ್ವನಿಯನ್ನು ಆರು ಫ್ರೇಮು ಮುಂಚೆಗೆ ಸರಿಸಿದರೆ ಮೊಬೈಲಿನ ಪಕ್ಕದಲ್ಲೇ ನಿಂತು ಮಾತಾಡಿದವರ ತುಟಿ ಮತ್ತು ಮಾತು ತಪ್ಪುತ್ತದೆ, ಅವರು ಚೌಕಟ್ಟಿನಲ್ಲಿದ್ದರೆ. ಹಾಗಾಗಿ ‘ಟಕ್’ ಎಂಬಷ್ಟನ್ನು ಮಾತ್ರ ಕತ್ತರಿಸಿ ಬೇರೆ ಪಟ್ಟಿಯಲ್ಲಿ ಮುಂಚೆಗೆ ಕೂರಿಸಿದೆ, ಮೂಲದಲ್ಲಿ ಅದಿದ್ದ ಜಾಗವನ್ನು ಮೈದಾನದ ಸುಮ್ಮನಿನ ಗದ್ದಲದಿಂದ ಮುಚ್ಚಿದೆ. ಈ ಸುಮ್ಮನಿನ ಗದ್ದಲವನ್ನು ಊಟದ ವಿರಾಮದಲ್ಲಿ ಎರಡು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಟ್ಟಿದ್ದೆ. ಕಾಗೆ, ದೂರದ ಬಸ್ಸು, ಮಕ್ಕಳ ಗುಜುಗುಜು. ನಿಧಾನಗತಿಯ ಕ್ಲಿಪ್ಪುಗಳ ಕೆಳಗೂ ಅದೇ. ಧ್ವನಿಯನ್ನೂ ಕಾಲು ವೇಗಕ್ಕೆ ಎಳೆದರೆ ಹುಡುಗರ ಕೂಗು ಭೂತದ ಕೂಗಾಗುತ್ತದೆ.

ಮೊಬೈಲಿನ ವೀಡಿಯೊಗಳಲ್ಲಿ ತಡವಾಗುವ ಸದ್ದಿಗೆ ಇನ್ನೊಂದು ಕಾರಣವೂ ಇರಬಹುದು. ಎಷ್ಟೋ ಮೊಬೈಲುಗಳು ಸೆಕೆಂಡಿಗೆ ಇಷ್ಟೇ ಎಂದು ಫ್ರೇಮು ತೆಗೆಯುವುದಿಲ್ಲ, ಬೆಳಕು ಮತ್ತು ಬಿಸಿ ನೋಡಿಕೊಂಡು ಹೆಚ್ಚುಕಡಿಮೆ ಮಾಡುತ್ತವೆ. ಎರಡನ್ನೂ ಬೇರ್ಪಡಿಸುವುದು ಸುಲಭ: ದೂರದಿಂದಾದ ತಡ ಕ್ಲಿಪ್ಪಿನ ಆರಂಭದಲ್ಲೂ ಕೊನೆಯಲ್ಲೂ ಒಂದೇ ಸಮ, ಫ್ರೇಮಿನ ಏರುಪೇರಿನದು ಹೋಗುತ್ತಾ ಹೋಗುತ್ತಾ ಬದಲಾಗುತ್ತದೆ. ಎರಡನೆಯದಾಗಿದ್ದರೆ ಎಡಿಟಿಂಗಿಗೆ ಮೊದಲೇ ಫ್ರೇಮು ಸಮ ಮಾಡಿಕೊಳ್ಳಬೇಕು. 60ರದ್ದಾದರೆ, ffmpeg ಎಂಬ ತಂತ್ರಾಂಶಕ್ಕೆ ಕೊಡುವ ಆದೇಶ ಇದು:

```
ffmpeg -i over20.mp4 -vf fps=60 -c:v libx264 -crf 18 -c:a copy over20_60.mp4
```

ಎಲ್ಲ ಮುಗಿದ ಮೇಲೆ ಹೆಡ್‌ಫೋನ್ ತೆಗೆದು, ಮೊಬೈಲಿನ ಸ್ಪೀಕರಿನಲ್ಲೇ ಕೇಳಿದೆ. ಪೋಷಕರು ನೋಡುವುದು ಹಾಗೇ. ದೊಡ್ಡ ಡ್ರಮ್ಮು ಪೂರ್ತಿ ಮಾಯ. ಅಷ್ಟು ಕೆಳಗಿನ ಸದ್ದನ್ನು ಆ ಪುಟ್ಟ ಸ್ಪೀಕರು ಹೊರಡಿಸುವುದೇ ಇಲ್ಲ. ಬ್ಯಾಟಿಗೆ ಹೊಂದಿಸಿದ ಪೆಟ್ಟುಗಳೆಲ್ಲ ದೊಡ್ಡ ಡ್ರಮ್ಮಿನವೇ ಆದ್ದರಿಂದ ಅವುಗಳ ಜೊತೆ ಸೈಡ್ ಡ್ರಮ್ಮಿನ ಅಂಚಿಗೆ ಕೋಲು ಬಡಿದ ಸದ್ದನ್ನೂ ಸೇರಿಸಿದೆ. ಆಗ ಮೊಬೈಲಿನಲ್ಲಿ ‘ಟಕ್’ ಕೇಳುತ್ತದೆ, ಸಭಾಂಗಣದ ಬಾಕ್ಸಿನಲ್ಲಿ ‘ಧಂ’ ಕೂಡ.

ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೂತು ನೋಡಿದರು. ಕೊನೆಯ ಓವರಿಗೆ ಮುಂದಕ್ಕೆ ಬಾಗಿದರು, ಫಲಿತಾಂಶ ಗೊತ್ತಿದ್ದೂ. ಮುಗಿದ ಮೇಲೆ, “ಚೆನ್ನಾಗಿದೆ. ಆದರೂ ಆ ಎಡಗೈ ಹುಡುಗನ ಎರಡನೇ ಸಿಕ್ಸ್ ಯಾಕೆ ಬಿಟ್ಟೆ? ಚುಕ್ಕೆಗೆಲ್ಲ ಹತ್ತು ಸೆಕೆಂಡು ಕೊಟ್ಟಿದ್ದೀಯ” ಎಂದರು. ಮೊದಲ ಸಿಕ್ಸಿನ ಥರವೇ ಇತ್ತು ಸಾರ್ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಬರೀ ಸಿಕ್ಸುಗಳದ್ದು ನಲವತ್ತು ಸೆಕೆಂಡಿನ ಇನ್ನೊಂದು ತುಣುಕು ಮಾಡಿಕೊಡುವುದು, ಅದನ್ನು ಯೂಟ್ಯೂಬಿಗೆ ಹಾಕದೆ ವಾರ್ಷಿಕೋತ್ಸವದ ದಿನ ಸಭಾಂಗಣದಲ್ಲಿ ಮಾತ್ರ ತೋರಿಸುವುದು ಎಂದಾಯಿತು. ಹಾಡು ಅವರೇ ಆರಿಸುತ್ತಾರಂತೆ.